ಹಂಚಿಕೆ ಎಡಿಟರ್ ನಿಂತುಹೋದಾಗ: ಮನೆಯಿಂದ ಕೋಡಿಂಗ್ ಸಂದರ್ಶನ ಕೊಡುವ ಕರಾವಳಿಯವರಿಗೆ ದೋಷ ನಿವಾರಣೆ ಕೈಪಿಡಿ

ಸಂದರ್ಶನದ ನಡುವೆ ಎಡಿಟರ್ ಅಲುಗಾಡದೆ ನಿಂತುಬಿಟ್ಟರೆ ಹೆಚ್ಚಿನವರ ಕೈ ಮೊದಲು ಹೋಗುವುದು ರೌಟರಿನ ಸ್ವಿಚ್ಚಿಗೆ. ಅದನ್ನು ಮುಟ್ಟಬಾರದು. ಆಫ್ ಮಾಡಿದ ಫೈಬರ್ ಮೋಡೆಮ್ ಮತ್ತೆ ಎದ್ದು, ಕಂಪನಿಯ ಕಡೆಯ ಸಂಪರ್ಕ ಸಿಕ್ಕಿ, ಲ್ಯಾಪ್‌ಟಾಪ್ ವೈಫೈಗೆ ಸೇರಿಕೊಳ್ಳುವಷ್ಟರಲ್ಲಿ ಎರಡು ಮೂರು ನಿಮಿಷ ಕಳೆದಿರುತ್ತದೆ. ಅಷ್ಟು ಹೊತ್ತು ಸಂದರ್ಶಕರ ಪರದೆಯಲ್ಲಿ ನಿಮ್ಮ ಮುಖವೂ ಇರುವುದಿಲ್ಲ, ಮಾತೂ ಇರುವುದಿಲ್ಲ. ಇಷ್ಟಾದ ಮೇಲೂ ದೋಷ ಹೋಗುತ್ತದೆಂಬ ಭರವಸೆಯಿಲ್ಲ, ಏಕೆಂದರೆ ದೋಷ ರೌಟರಿನಲ್ಲೇ ಇತ್ತೆಂದು ನೀವು ನೋಡಿರಲೇ ಇಲ್ಲ.

ಹಂಚಿಕೆ ಎಡಿಟರ್ ಎಂದರೆ ಕೋಡರ್‌ಪ್ಯಾಡ್‌ನಂಥ ಪುಟ. ನೀವೂ ಸಂದರ್ಶಕರೂ ಒಂದೇ ಕಡತದಲ್ಲಿ ಏಕಕಾಲಕ್ಕೆ ಟೈಪ್ ಮಾಡುತ್ತೀರಿ, ಕೋಡ್ ಅಲ್ಲೇ ಓಡುತ್ತದೆ. ಅದರ ಪಕ್ಕದಲ್ಲಿ ವೀಡಿಯೊ ಕರೆ ಬೇರೆಯಾಗಿ ನಡೆಯುತ್ತಿರುತ್ತದೆ. ಈ ಎರಡೂ ಒಂದೇ ಇಂಟರ್‌ನೆಟ್ಟಿನ ಮೇಲೆ ಸಾಗಿದರೂ ಸಾಗುವ ರೀತಿ ಒಂದೇ ಅಲ್ಲ, ಮತ್ತು ದೋಷದ ಸುಳಿವು ಬಹುಪಾಲು ಈ ವ್ಯತ್ಯಾಸದಲ್ಲೇ ಸಿಗುತ್ತದೆ. ವೀಡಿಯೊ ಸಾಮಾನ್ಯವಾಗಿ ಯುಡಿಪಿಯಲ್ಲಿ ಹೋಗುತ್ತದೆ: ದಾರಿ ಇಕ್ಕಟ್ಟಾದರೆ ಚಿತ್ರದ ಗುಣಮಟ್ಟ ಇಳಿಸಿಕೊಳ್ಳುತ್ತದೆ, ತಪ್ಪಿಹೋದ ಚೂರುಗಳನ್ನು ಅಲ್ಲೇ ಬಿಟ್ಟು ಮುಂದೆ ಸಾಗುತ್ತದೆ. ಎಡಿಟರ್ ಹಾಗೆ ಮಾಡುವಂತಿಲ್ಲ. ಅದು ವೆಬ್‌ಸಾಕೆಟ್ ಎಂಬ ಸದಾ ತೆರೆದಿರುವ ಟಿಸಿಪಿ ಸಂಪರ್ಕದ ಮೇಲೆ ಕುಳಿತಿದೆ. ನೀವು ಒತ್ತಿದ ಒಂದೊಂದು ಅಕ್ಷರವೂ ಕ್ರಮ ತಪ್ಪದೆ ತಲುಪಲೇಬೇಕಾದುದರಿಂದ ಒಂದು ಚೂರು ಕಳೆದುಹೋದರೆ ಅದು ಮತ್ತೆ ಬರುವವರೆಗೆ ಅದರ ಹಿಂದೆ ಬರುವುದೆಲ್ಲ ಕಾಯುತ್ತದೆ. ಆದ್ದರಿಂದ ಮುಖ ಸ್ವಲ್ಪ ಮಸುಕಾಗಿ ಕಂಡರೂ ಮಾತು ಸರಿಯಾಗಿ ಕೇಳುತ್ತಿದ್ದು, ಎಡಿಟರ್ ಮಾತ್ರ `Reconnecting` ಎಂದು ತೋರಿಸುತ್ತಿದ್ದರೆ ಇಂಟರ್‌ನೆಟ್ ಪೂರ್ತಿ ಹೋಗಿಲ್ಲ ಎಂದು ಅಲ್ಲಿಯೇ ತಿಳಿಯಬೇಕು.

## ಎರಡು ಪಿಂಗ್‌ಗಳ ಪರೀಕ್ಷೆ

ಸಂದರ್ಶನಕ್ಕೆ ಕೂರುವ ಮುನ್ನ ಎರಡು ಕಮಾಂಡ್ ಕಿಟಕಿಗಳನ್ನು ತೆರೆದಿಡುವುದು ನಾನು ಎಲ್ಲರಿಗೂ ಹೇಳುವ ಮೊದಲ ಸಿದ್ಧತೆ. ಒಂದರಲ್ಲಿ ಮನೆಯ ರೌಟರಿಗೆ, ಇನ್ನೊಂದರಲ್ಲಿ ಹೊರಗಿನ ಒಂದು ಸರ್ವರಿಗೆ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಪಿಂಗ್ ಓಡುತ್ತಿರಲಿ. ವಿಂಡೋಸ್‌ನಲ್ಲಿ ಹೀಗೆ:

```
ipconfig
ping -t 192.168.1.1
ping -t 1.1.1.1
```

ಮೊದಲ ಸಾಲು ರೌಟರಿನ ವಿಳಾಸವನ್ನು `Default Gateway` ಎಂಬಲ್ಲಿ ತೋರಿಸುತ್ತದೆ. ಎಲ್ಲ ಮನೆಗಳಲ್ಲೂ ಅದು 192.168.1.1 ಆಗಿರುವುದಿಲ್ಲ; ಅಲ್ಲಿ ಕಂಡ ವಿಳಾಸವನ್ನೇ ಎರಡನೆಯ ಸಾಲಿನಲ್ಲಿ ಹಾಕಬೇಕು. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ `-t` ಬೇಡ. ಈ ಪಿಂಗ್‌ಗಳು ಸಂಪರ್ಕಕ್ಕೆ ಹೊರೆಯಾಗುವಷ್ಟು ದೊಡ್ಡವಲ್ಲ, ಆದುದರಿಂದ ಸಂದರ್ಶನ ಮುಗಿಯುವವರೆಗೂ ಓಡಲಿ ಬಿಡಬಹುದು. ಆದರೆ ಪರದೆ ಹಂಚುವಂತೆ ಕೇಳಿದಾಗ ಇಡೀ ಪರದೆಯ ಬದಲು ಬ್ರೌಸರಿನ ಕಿಟಕಿಯನ್ನಷ್ಟೇ ಹಂಚಬೇಕು. ಕಪ್ಪು ಕಿಟಕಿಯಲ್ಲಿ ಸಾಲುಗಳು ಓಡುತ್ತಿರುವುದನ್ನು ಕಂಡರೆ ಇದೇನೆಂದು ಸಂದರ್ಶಕರು ಕೇಳುವುದು ಸಹಜ.

ಓದುವ ಕ್ರಮ ಸುಲಭ. ರೌಟರಿನ ಪಿಂಗ್ ವೈಫೈ ಚೆನ್ನಾಗಿದ್ದರೆ ಹತ್ತು ಮಿಲಿಸೆಕೆಂಡಿನ ಒಳಗಿರುತ್ತದೆ. ಹೊರಗಿನದು ನಮ್ಮ ಕಡೆಯ ಫೈಬರ್ ಸಂಪರ್ಕಗಳಲ್ಲಿ ಸಾಮಾನ್ಯವಾಗಿ 10ರಿಂದ 40ರ ನಡುವೆ. ಅಂಕಿ ಎಷ್ಟೆಂಬುದಕ್ಕಿಂತ ಅದು ಸ್ಥಿರವಾಗಿದೆಯೇ ಎಂಬುದು ಮುಖ್ಯ. ರೌಟರಿನ ಪಿಂಗೇ ಏರಿಳಿಯುತ್ತಿದ್ದರೆ ತೊಂದರೆ ನಿಮ್ಮ ಕೋಣೆ ಮತ್ತು ರೌಟರಿನ ನಡುವೆ ಇದೆ, ಅಂದರೆ ವೈಫೈಯಲ್ಲಿದೆ. ರೌಟರಿನದು ಸ್ಥಿರವಾಗಿದ್ದು ಹೊರಗಿನದು ಮಾತ್ರ ಕುಣಿಯುತ್ತಿದ್ದರೆ ತೊಂದರೆ ರೌಟರಿನಿಂದಾಚೆಗೆ, ಅಥವಾ ರೌಟರಿನ ಬಾಗಿಲಲ್ಲೇ ಆಗಿರುವ ನೂಕುನುಗ್ಗಲಿನಲ್ಲಿ ಇದೆ. ಎರಡೂ ಸ್ಥಿರವಾಗಿದ್ದು ಎಡಿಟರ್ ಮಾತ್ರ ನಿಂತಿದ್ದರೆ ತೊಂದರೆ ಬ್ರೌಸರಿನದ್ದು ಅಥವಾ ಎಡಿಟರ್ ನಡೆಸುವವರ ಸರ್ವರಿನದ್ದು. ಅಂಥ ಹೊತ್ತಿನಲ್ಲಿ ನೆಟ್‌ವರ್ಕ್ ಬದಲಿಸುವುದು ವ್ಯರ್ಥ ಮಾತ್ರವಲ್ಲ, ಸರಿಯಿದ್ದ ವೀಡಿಯೊವನ್ನೂ ಕೆಡಿಸಿಕೊಂಡಂತೆ.

## ಒಂದು ಪ್ರಕರಣ

ಬ್ರಹ್ಮಾವರದ ಕಡೆಯ ಒಂದು ಮನೆ. ಸಂದರ್ಶನ ಮರುದಿನ ಸಂಜೆ ಏಳಕ್ಕೆ. ಹುಡುಗಿ ಹಿಂದಿನ ದಿನ ಅದೇ ಹೊತ್ತಿಗೆ ಗೆಳತಿಯೊಬ್ಬಳನ್ನು ಸಂದರ್ಶಕಿಯ ಜಾಗದಲ್ಲಿ ಕೂರಿಸಿ ತಾಲೀಮು ಮಾಡಿದ್ದಳು. ತಾಲೀಮು ಅದೇ ಹೊತ್ತಿಗೆ ಆಗಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಮಧ್ಯಾಹ್ನ ಎರಡಕ್ಕೆ ಸ್ಪೀಡ್ ಟೆಸ್ಟ್ ಮಾಡಿ ನೂರು ಎಂಬಿಪಿಎಸ್ ಕಂಡರೆ ಅದರಿಂದ ಸಂಜೆ ಏಳರ ಬಗ್ಗೆ ಏನೂ ತಿಳಿಯುವುದಿಲ್ಲ.

ಮೊದಲ ಎಂಟು ಹತ್ತು ನಿಮಿಷ ಎಲ್ಲವೂ ಸರಿಯಾಗಿತ್ತು. ಆಮೇಲೆ ಅವಳು ಒತ್ತಿದ ಅಕ್ಷರಗಳು ಗೆಳತಿಯ ಪರದೆಗೆ ತಡವಾಗಿ, ಒಂದೇ ಸಲಕ್ಕೆ ಒಂದು ಸಾಲಿನಂತೆ ಬರತೊಡಗಿದವು. ಸ್ವಲ್ಪದರಲ್ಲೇ ಎಡಿಟರ್ ಸಂಪರ್ಕ ಕಡಿದುಕೊಂಡು ಮತ್ತೆ ಸೇರಿತು. ವೀಡಿಯೊ ಮಾತ್ರ ಮಸುಕಾದರೂ ನಿಲ್ಲಲಿಲ್ಲ. ಮನೆಯವರ ತೀರ್ಮಾನ ಎಡಿಟರೇ ಸರಿಯಿಲ್ಲ ಎಂದಾಗಿತ್ತು. ಪಿಂಗ್ ಬೇರೆಯದನ್ನೇ ಹೇಳಿತು: ರೌಟರಿಗೆ ಮೂರು ನಾಲ್ಕು ಮಿಲಿಸೆಕೆಂಡು, ಕದಲಿಕೆಯಿಲ್ಲ, ಹೊರಗೆ ಹದಿನೆಂಟು ಇದ್ದದ್ದು ಸಾವಿರ ದಾಟಿ, ನಡುನಡುವೆ `Request timed out` ಬರುತ್ತಿತ್ತು.

ಹೊರಗಿನ ಪಿಂಗ್ ಹೀಗೆ ಒಮ್ಮೆಲೇ ಏರಿ ಅಲ್ಲೇ ನಿಂತರೆ ನಾನು ಮೊದಲು ಸಂಶಯಪಡುವುದು ಅಪ್‌ಲೋಡನ್ನು. ಮನೆಯ ಯಾವುದೋ ಸಾಧನ ಹೊರಕ್ಕೆ ದತ್ತಾಂಶ ತಳ್ಳುತ್ತಿದ್ದರೆ ರೌಟರಿನಲ್ಲಿ ಉದ್ದ ಸರದಿ ಬೆಳೆಯುತ್ತದೆ, ಎಡಿಟರಿನ ಪುಟ್ಟ ಅಕ್ಷರಗಳೂ ಆ ಸರದಿಯ ಕೊನೆಗೇ ನಿಲ್ಲಬೇಕಾಗುತ್ತದೆ. ಈ ಮನೆಯಲ್ಲಿ ಆದದ್ದೂ ಅದೇ. ಅಣ್ಣ ಹಿಂದಿನ ರಾತ್ರಿಯ ಬಯಲಾಟವನ್ನು ಮೊಬೈಲಿನಲ್ಲಿ ವೀಡಿಯೊ ಮಾಡಿದ್ದ. ಕೆಲಸದಿಂದ ಬಂದವನು ಮೊಬೈಲನ್ನು ಚಾರ್ಜಿಗೆ ಹಾಕಿದೊಡನೆ ಅದು ವೈಫೈ ಹಿಡಿದು, ಫೋಟೊ ಬ್ಯಾಕಪ್ ತಾನಾಗಿ ಶುರುವಾಗಿತ್ತು. ಮೊಬೈಲಿನ ವೈಫೈ ಆರಿಸಿದ ಕೆಲವೇ ಸೆಕೆಂಡುಗಳಲ್ಲಿ ಪಿಂಗ್ ಹದಿನೆಂಟಕ್ಕೆ ಇಳಿಯಿತು. ಹಾಕಿಕೊಂಡ ಪ್ಲಾನಿನ ವೇಗಕ್ಕೂ ಇದಕ್ಕೂ ಸಂಬಂಧವಿರಲಿಲ್ಲ.

ಇದು ನಿಜವಾದ ಕಾರಣವೇ, ಅಥವಾ ಕಾಕತಾಳೀಯವಾಗಿ ಸರಿಹೋಯಿತೇ ಎಂದು ಖಚಿತಪಡಿಸಿಕೊಳ್ಳಲು ವೈಫೈಯನ್ನು ಮತ್ತೆ ಹಾಕಿ ನೋಡಲಾಯಿತು. ಪಿಂಗ್ ಮತ್ತೆ ಏರಿತು. ಹೀಗೆ ದೋಷವನ್ನು ಬೇಕೆಂದಾಗ ಬರಿಸಿ, ಬೇಕೆಂದಾಗ ಕಳುಹಿಸಲು ಬಂದರೆ ಮಾತ್ರ ಕಾರಣ ಸಿಕ್ಕಿತೆನ್ನಬಹುದು. ಮರುದಿನಕ್ಕೆ ಮಾಡಿದ ಏರ್ಪಾಡು ಇಷ್ಟೇ: ಸಂದರ್ಶನದ ಹೊತ್ತಿಗೆ ಮನೆಯ ಎಲ್ಲ ಮೊಬೈಲುಗಳೂ ವೈಫೈ ಬಿಟ್ಟು ಸ್ವಂತ ಡೇಟಾದಲ್ಲಿರುವುದು, ಅವಳ ಲ್ಯಾಪ್‌ಟಾಪಿನ ಕ್ಲೌಡ್ ಸಿಂಕ್‌ಗೂ ವಿರಾಮ ಕೊಡುವುದು. ಮನೆಯವರಿಗೆ ವೈಫೈ ಬಳಸಬೇಡಿ ಎಂದು ಹೇಳಿದರೆ ಸಾಲದು. ಅವರು ಬಳಸುತ್ತಿರುವುದಿಲ್ಲ, ಅವರ ಮೊಬೈಲು ಬಳಸುತ್ತಿರುತ್ತದೆ.

## ರೌಟರಿನ ಪಿಂಗೇ ಕುಣಿಯುತ್ತಿದ್ದರೆ

ನಮ್ಮ ಜಿಲ್ಲೆಗಳ ಹಳೆಯ ಮನೆಗಳ ಗೋಡೆ ಮುರಕಲ್ಲಿನದು. ರೌಟರ್ ಚಾವಡಿಯಲ್ಲಿ, ಸಂದರ್ಶನ ಮಾಳಿಗೆಯ ಕೋಣೆಯಲ್ಲಿ ಎಂದಾದರೆ ನಡುವೆ ಅಂಥ ಎರಡು ದಪ್ಪ ಗೋಡೆಗಳಾದರೂ ಇರುತ್ತವೆ, ಮತ್ತು ಐದು ಗಿಗಾಹರ್ಟ್ಸ್ ವೈಫೈ ಅವುಗಳನ್ನು ದಾಟುವಷ್ಟರಲ್ಲಿ ಸೋತುಹೋಗಿರುತ್ತದೆ. ಲ್ಯಾಪ್‌ಟಾಪ್ ಆಗ 2.4ಕ್ಕೆ ಇಳಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಐದಕ್ಕೆ ಹತ್ತುತ್ತದೆ. ಆ ಹತ್ತಿಳಿಯುವ ಕ್ಷಣಗಳಲ್ಲೇ ಎಡಿಟರ್ ತಡವರಿಸುವುದು. ಎರಡು ಬ್ಯಾಂಡುಗಳಿಗೂ ಬೇರೆ ಬೇರೆ ಹೆಸರಿಟ್ಟು, ದೂರದ ಕೋಣೆಯಿಂದ 2.4ಕ್ಕೇ ಗಟ್ಟಿಯಾಗಿ ಸೇರಿಕೊಂಡರೆ ವೇಗ ಕಡಿಮೆಯಾದರೂ ಸ್ಥಿರತೆ ಸಿಗುತ್ತದೆ. ವೀಡಿಯೊ ಕರೆಗೂ ಎಡಿಟರಿಗೂ ಸೇರಿ ಮೂರು ನಾಲ್ಕು ಎಂಬಿಪಿಎಸ್ ಎರಡೂ ದಿಕ್ಕಿನಲ್ಲಿ ಸ್ಥಿರವಾಗಿ ಸಿಕ್ಕರೆ ಸಾಕು. ಆದರೂ ನನ್ನ ಅಭಿಪ್ರಾಯ ಕೇಳಿದರೆ ಇಪ್ಪತ್ತು ಮೀಟರ್ ಲ್ಯಾನ್ ಕೇಬಲ್ ತಂದು ಮೆಟ್ಟಿಲ ಪಕ್ಕದಲ್ಲೇ ಎಳೆದುಕೊಳ್ಳಿ. ರಿಪೀಟರ್ ಕೊಂಡರೆ ಹಾಳಾಗಬಲ್ಲ ಸಾಧನ ಇನ್ನೊಂದು ಹೆಚ್ಚಾದಂತೆ, ಅದಕ್ಕೂ ಕರೆಂಟು ಬೇಕು.

## ಕರೆಂಟು, ಫೈಬರ್, ಮತ್ತು ಬದಲಿ ದಾರಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದು ಕರೆಂಟು ಹೋಗುವುದು, ಕಂಬದಿಂದ ಕಂಬಕ್ಕೆ ತೂಗುಬಿಟ್ಟ ಫೈಬರ್ ಎಳೆ ತುಂಡಾಗುವುದು ಇಲ್ಲಿ ಹೊಸತಲ್ಲ. ಇವೆರಡನ್ನು ಪ್ರತ್ಯೇಕಿಸಲು ಮೋಡೆಮ್ಮಿನ ದೀಪಗಳೇ ಸಾಕು. ದೀಪಗಳೆಲ್ಲ ಆರಿದ್ದರೆ ಕರೆಂಟಿನ ತೊಂದರೆ. ಎಲ್‌ಓಎಸ್ ಎಂದು ಬರೆದಲ್ಲಿ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಎಳೆ ಎಲ್ಲೋ ತುಂಡಾಗಿದೆ ಅಥವಾ ವಿಪರೀತ ಬಾಗಿದೆ. ಮನೆಯೊಳಗೆ ಮಾಡುವ ಯಾವ ರೀಸ್ಟಾರ್ಟೂ ಅದನ್ನು ಸರಿಪಡಿಸದು, ಆ ಕ್ಷಣವೇ ಮೊಬೈಲಿಗೆ ಹೊರಳಬೇಕು.

ಮನೆಯಲ್ಲಿ ಇನ್ವರ್ಟರ್ ಇದ್ದೂ ಕರೆಂಟು ಹೋದಾಗ ಇಂಟರ್‌ನೆಟ್ ಹೋಗುತ್ತಿದ್ದರೆ ಮೂರು ಕಡೆ ಹುಡುಕಬೇಕು. ಮೊದಲನೆಯದಾಗಿ, ಫೈಬರ್ ಮೋಡೆಮ್ ಮತ್ತು ವೈಫೈ ರೌಟರ್ ಬೇರೆ ಬೇರೆಯಾಗಿರುವ ಮನೆಗಳಲ್ಲಿ ರೌಟರನ್ನು ಇನ್ವರ್ಟರಿನ ಪ್ಲಗ್ಗಿಗೆ ಹಾಕಿ, ಮೂಲೆಯಲ್ಲಿ ಗೋಡೆಗೆ ಅಂಟಿಸಿದ ಮೋಡೆಮ್ಮನ್ನು ಮರೆತಿರುತ್ತಾರೆ. ವೈಫೈ ಚಿಹ್ನೆ ಪೂರ್ತಿ ತೋರಿಸುತ್ತದೆ, ರೌಟರಿನ ಪಿಂಗ್ ಬರುತ್ತದೆ, ಹೊರಗಿನದು ಮಾತ್ರ ಬರುವುದಿಲ್ಲ. ಎರಡನೆಯದಾಗಿ, ಇನ್ವರ್ಟರಿಗೆ ಬದಲಾಗುವ ಕ್ಷಣಾರ್ಧದಲ್ಲಿ ಮೋಡೆಮ್ ಆರಿ ಹತ್ತಿ ಮೊದಲಿನಿಂದ ಶುರುವಾಗುತ್ತಿರಬಹುದು. ಹಲವು ಇನ್ವರ್ಟರುಗಳಲ್ಲಿ ಯುಪಿಎಸ್ ಮತ್ತು ನಾರ್ಮಲ್ ಎಂಬ ಎರಡು ಸ್ಥಿತಿಗಳ ಸ್ವಿಚ್ ಇರುತ್ತದೆ. ಯುಪಿಎಸ್ ಸ್ಥಿತಿಯಲ್ಲಿ ಬದಲಾವಣೆ ಬೇಗ ಆಗುತ್ತದೆ. ಇನ್ನೂ ನೆಮ್ಮದಿ ಬೇಕಾದರೆ ರೌಟರಿಗೆಂದೇ ಸಿಗುವ ಪುಟ್ಟ ಡಿಸಿ ಯುಪಿಎಸ್ ಹಾಕಿಕೊಳ್ಳಬಹುದು. ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜು, ಸಾಮಾನ್ಯವಾಗಿ 12 ವೋಲ್ಟ್, ಯುಪಿಎಸ್‌ನದಕ್ಕೆ ಸಮನಾಗಿರಬೇಕು. ಯುಪಿಎಸ್‌ನ ಆಂಪಿಯರ್ ಅಡಾಪ್ಟರಿನಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬೇಕು.

ಮೂರನೆಯದು ಮನೆಯ ಹೊರಗಿದೆ. ಕೆಲವು ಕಡೆ ಸಂಪರ್ಕ ಕೊಡುವವರು ಕಂಬದ ಮೇಲೋ ಫ್ಲ್ಯಾಟಿನ ಮೆಟ್ಟಿಲ ಬುಡದಲ್ಲೋ ಸ್ವಿಚ್ ಪೆಟ್ಟಿಗೆ ಇಟ್ಟಿರುತ್ತಾರೆ. ಅದಕ್ಕೆ ಬರುವುದೂ ನಿಮ್ಮ ಊರಿನದ್ದೇ ಕರೆಂಟು, ಅದರ ಬ್ಯಾಟರಿ ಮುಗಿದರೆ ನಿಮ್ಮ ಇನ್ವರ್ಟರ್ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಮನೆಯ ಮೈನ್ ಸ್ವಿಚ್ ಆರಿಸಿ ಮಾಡುವ ಪರೀಕ್ಷೆ ಅರ್ಧ ಪರೀಕ್ಷೆ ಮಾತ್ರ. ನಿಜವಾಗಿ ಊರಿಗೆ ಊರೇ ಕತ್ತಲಾದಾಗ ಹೊರಗಿನ ಪಿಂಗ್ ಎಷ್ಟು ಹೊತ್ತು ಉಳಿಯುತ್ತದೆಂದು ಒಮ್ಮೆ ನೋಡಿ ಬರೆದಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಅದಕ್ಕೆ ಬಹಳ ದಿನ ಕಾಯಬೇಕಾಗಿಲ್ಲ.

ಬದಲಿ ದಾರಿಯೆಂದರೆ ಮೊಬೈಲ್ ಡೇಟಾ. ಅದು ಮನೆಯ ಬ್ರಾಡ್‌ಬ್ಯಾಂಡ್ ಕೊಟ್ಟ ಕಂಪನಿಯದ್ದಾಗಿರಬಾರದು, ಏಕೆಂದರೆ ಒಂದೇ ಕಂಪನಿಯ ದೊಡ್ಡ ಕೇಬಲ್ ಎಲ್ಲೋ ತುಂಡಾದರೆ ಎರಡೂ ಒಟ್ಟಿಗೆ ಹೋಗಬಹುದು. ಕರೆಂಟು ಹೋದೊಡನೆ ಸುತ್ತಲಿನ ಮನೆಯವರೆಲ್ಲ ಮೊಬೈಲ್ ಡೇಟಾಕ್ಕೇ ಇಳಿಯುವುದರಿಂದ ಟವರಿನ ಮೇಲೆ ಒತ್ತಡ ಬೀಳುತ್ತದೆ. ಬಿಸಿಲ ದಿನ ಕಂಡ ವೇಗವನ್ನು ನಂಬದೆ ಕತ್ತಲಾದ ಸಂಜೆಯೊಂದರಲ್ಲೇ ಅಳೆದು ನೋಡಬೇಕು. ದಿನದ ಡೇಟಾ ಮಿತಿಯನ್ನೂ ಲೆಕ್ಕ ಹಾಕಬೇಕು. ಒಂದು ಗಂಟೆಯ ವೀಡಿಯೊ ಕರೆಗೆ ಒಂದು ಜಿಬಿಯ ಆಸುಪಾಸು ಬೇಕಾಗುತ್ತದೆ; ದಿನಕ್ಕೆ ಒಂದೂವರೆ ಜಿಬಿಯ ಪ್ಲಾನಿನಲ್ಲಿ ಬೆಳಗ್ಗಿನಿಂದ ವೀಡಿಯೊ ನೋಡಿ ಸಂಜೆ ಸಂದರ್ಶನಕ್ಕೆ ಕೂತರೆ ಮಿತಿ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿಯುವುದು ಸಂದರ್ಶನದ ನಡುವೆಯೇ.

ಹಾಟ್‌ಸ್ಪಾಟಿಗಿಂತ ಯುಎಸ್‌ಬಿ ಟೆದರಿಂಗ್ ಮೇಲು. ವೈಫೈಯ ಗೊಡವೆಯಿಲ್ಲ, ಮೊಬೈಲೂ ಚಾರ್ಜ್ ಆಗುತ್ತಿರುತ್ತದೆ. ಆದರೆ ಇದರಲ್ಲೊಂದು ಬಲೆಯಿದೆ. ಆಂಡ್ರಾಯ್ಡ್ ಮೊಬೈಲು ಮನೆಯ ವೈಫೈಗೆ ಸೇರಿಕೊಂಡೇ ಇದ್ದರೆ ಟೆದರಿಂಗ್ ಸಾಮಾನ್ಯವಾಗಿ ಹಂಚುವುದು ಆ ವೈಫೈಯನ್ನೇ. ಅಂದರೆ ಸತ್ತ ಸಂಪರ್ಕವನ್ನೇ ಕೇಬಲ್ ಮೂಲಕ ಮತ್ತೆ ಲ್ಯಾಪ್‌ಟಾಪಿಗೆ ತಂದಂತಾಗುತ್ತದೆ. ಟೆದರಿಂಗ್ ಹಾಕಿದರೂ ಇಂಟರ್‌ನೆಟ್ ಬರಲಿಲ್ಲ ಎಂದು ಹೇಳುವವರ ಮೊಬೈಲಿನಲ್ಲಿ ನಾನು ಮೊದಲು ನೋಡುವುದು ಇದನ್ನು. ಬದಲಿಸುವ ಕ್ರಮ ಹೀಗಿರಲಿ: ಮೊದಲು ಮೊಬೈಲಿನ ವೈಫೈ ಆರಿಸಿ, ಕೇಬಲ್ ಚುಚ್ಚಿ, ಟೆದರಿಂಗ್ ಹಾಕಿ, ಲ್ಯಾಪ್‌ಟಾಪಿನಲ್ಲಿ ಹೊಸ ಸಂಪರ್ಕ ಕಾಣಿಸಿಕೊಂಡ ಮೇಲೆಯೇ ಲ್ಯಾಪ್‌ಟಾಪಿನ ವೈಫೈ ಆರಿಸಿ. ಹಿಂದಿನ ದಿನವೇ ಈ ಹೊಸ ಸಂಪರ್ಕವನ್ನು ವಿಂಡೋಸ್‌ನಲ್ಲಿ `Metered connection` ಎಂದು ಗುರುತಿಸಿಟ್ಟರೆ ಸಿಸ್ಟಮ್ ಅಪ್‌ಡೇಟ್‌ಗಳು ಮೊಬೈಲ್ ಡೇಟಾ ನುಂಗುವುದು ಬಹಳಷ್ಟು ತಪ್ಪುತ್ತದೆ.

ಟೆದರಿಂಗಿಗೆ ಬಳಸುವ ಮೊಬೈಲಿಗೆ ಕರೆ ಬಂದರೆ, ಅದರಲ್ಲೂ ಎರಡು ಸಿಮ್ ಇದ್ದು ಇನ್ನೊಂದಕ್ಕೆ ಬಂದರೆ, ಕೆಲವು ಹ್ಯಾಂಡ್‌ಸೆಟ್ಟುಗಳಲ್ಲಿ ಡೇಟಾ ನಿಂತುಬಿಡುತ್ತದೆ. ಸಾಧ್ಯವಿದ್ದರೆ ಅಮ್ಮನದೋ ಅಪ್ಪನದೋ ಮೊಬೈಲನ್ನು ಟೆದರಿಂಗಿಗೆ ಇಟ್ಟು, ನೇಮಕಾತಿಯವರು ಕರೆ ಮಾಡಬಹುದಾದ ನಿಮ್ಮ ಮೊಬೈಲನ್ನು ಖಾಲಿ ಬಿಡಿ.

ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಸಿಡಿಲಿಗೆ ಹೆದರಿ ಮನೆಯವರು ಮೋಡೆಮ್ಮಿನ ಪ್ಲಗ್ ಕಿತ್ತಿಡುವುದುಂಟು, ಅದು ವಿವೇಕದ ಕೆಲಸವೇ. ಅಂಥ ದಿನ ಹಟ ಮಾಡದೆ ಮೊದಲಿನಿಂದಲೇ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೂ ಸಂಪರ್ಕವನ್ನು ಮೊಬೈಲಿನಲ್ಲೂ ಇಟ್ಟುಕೊಂಡು ಕೂರುವುದು ಒಳ್ಳೆಯದು.

## ಎಡಿಟರನ್ನು ರಿಫ್ರೆಶ್ ಮಾಡುವ ಮುನ್ನ

ಸಂಪರ್ಕ ಬದಲಾದಾಗ ನಿಮ್ಮ ಐಪಿ ವಿಳಾಸವೂ ಬದಲಾಗುತ್ತದೆ, ಹಳೆಯ ವೆಬ್‌ಸಾಕೆಟ್ ಸಾಯುತ್ತದೆ. ವೀಡಿಯೊ ಕೆಲವು ಸೆಕೆಂಡುಗಳಲ್ಲಿ ತಾನಾಗಿ ಮರಳುವುದೇ ಹೆಚ್ಚು. ಎಡಿಟರೂ ಮರಳಬೇಕು, ಆದರೆ ಕೆಲವೊಮ್ಮೆ ಸತ್ತ ಸಂಪರ್ಕ ಸತ್ತಿದೆಯೆಂದು ಅದಕ್ಕೆ ತಿಳಿಯಲು ಹೊತ್ತು ಹಿಡಿಯುತ್ತದೆ. ಈ ನಡುವೆ ನೀವು ಟೈಪ್ ಮಾಡಿದ್ದೆಲ್ಲ ನಿಮ್ಮ ಪರದೆಯಲ್ಲಿ ಕಾಣುತ್ತದೆ, ಸರ್ವರಿಗೆ ಮಾತ್ರ ಹೋಗಿರುವುದಿಲ್ಲ. ಆಗ ಪುಟವನ್ನು ರಿಫ್ರೆಶ್ ಮಾಡಿದರೆ ಸರ್ವರ್ ತನ್ನಲ್ಲಿರುವ ಹಳೆಯ ಪ್ರತಿಯನ್ನು ಕೊಡುತ್ತದೆ, ನೀವು ಬರೆದ ಹತ್ತು ಸಾಲು ಹೋಗಿಬಿಡುತ್ತದೆ.

ಹಾಗಾಗಿ ಸುಮಾರು ಹದಿನೈದು ಸೆಕೆಂಡು ಕೈ ಕಟ್ಟಿ ಕಾಯಿರಿ. ಮರಳದಿದ್ದರೆ `Ctrl+A`, `Ctrl+C` ಒತ್ತಿ, ನೋಟ್‌ಪ್ಯಾಡಿನಲ್ಲಿ ಅಂಟಿಸಿ, ಆಮೇಲೆ ರಿಫ್ರೆಶ್ ಮಾಡಿ. ಪುಟ ಮರಳಿದ ಮೇಲೆ ಎರಡು ಪ್ರತಿಗಳನ್ನೂ ಕಣ್ಣಾಡಿಸಿ ನೋಡಿ, ಬಿಟ್ಟುಹೋದ ಸಾಲುಗಳನ್ನಷ್ಟೇ ಸೇರಿಸಬೇಕು. ಇಡೀ ಕಡತವನ್ನು ಅಂಟಿಸಿದರೆ ಅಷ್ಟರಲ್ಲಿ ಸಂದರ್ಶಕರು ಸೇರಿಸಿದ ಟಿಪ್ಪಣಿ ಅಳಿದುಹೋಗಬಹುದು. ಕೆಲವು ವೇದಿಕೆಗಳು ಅಂಟಿಸಿದ್ದನ್ನೂ, ನೀವು ಬೇರೆ ಕಿಟಕಿಗೆ ಹೋದದ್ದನ್ನೂ ದಾಖಲಿಸುತ್ತವೆ. ಆದ್ದರಿಂದ ಇವನ್ನೆಲ್ಲ ಮಾಡುವ ಮೊದಲೇ ಮಾಡಲಿದ್ದೇನೆಂದು ಬಾಯಿಬಿಟ್ಟು ಹೇಳುವುದು ಸೌಜನ್ಯ ಮಾತ್ರವಲ್ಲ, ನಿಮ್ಮ ರಕ್ಷಣೆಯೂ ಹೌದು.

ಎಡಿಟರ್ ನಿಂತಿದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಸಂದರ್ಶಕರಿಗೆ ಒಂದು ಅಕ್ಷರ ಟೈಪ್ ಮಾಡಲು ಹೇಳಿ. ಅವರದು ನಿಮಗೆ ಕಂಡು, ನಿಮ್ಮದು ಅವರಿಗೂ ಕಂಡರೆ ಸಂಪರ್ಕ ಸರಿಯಿದೆ. ನಿಂತಿರುವುದು ನಿಮ್ಮ ಕೋಡ್. ಪೈಥಾನಿನಲ್ಲಿ `input()` ಬರೆದು ಇನ್‌ಪುಟ್ ಕೊಡಲು ಮರೆತರೆ ಪ್ರೋಗ್ರಾಮ್ ಕಾಯುತ್ತಲೇ ಇರುತ್ತದೆ, ಮುಗಿಯದ ಲೂಪಿನಲ್ಲೂ ಹಾಗೆಯೇ, ಮತ್ತು ಎರಡೂ ನೋಡುವುದಕ್ಕೆ ನೆಟ್ ಹೋದಂತೆಯೇ ಕಾಣುತ್ತವೆ. ಎಲ್ಲವನ್ನೂ ಕಮೆಂಟ್ ಮಾಡಿ `print("ok")` ಒಂದನ್ನೇ ಓಡಿಸಿದರೆ ಉತ್ತರ ಸಿಗುತ್ತದೆ. ಅಭ್ಯಾಸದ ಹೊತ್ತಿನಲ್ಲಿಯೇ ಆವೃತ್ತಿಯನ್ನೂ ನೋಡಿಟ್ಟುಕೊಳ್ಳಿ:

```
import sys
print(sys.version)
```

ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡುವ `match` ವಾಕ್ಯ ಪೈಥಾನ್ 3.10ಕ್ಕಿಂತ ಹಳೆಯದರಲ್ಲಿ ದೋಷ ತೋರಿಸುತ್ತದೆ. ಆಗ ಎಡಿಟರನ್ನು ಬೈದು ಉಪಯೋಗವಿಲ್ಲ.

ಕೀಲಿಮಣೆಯ ಒಂದು ದೋಷ ನಮ್ಮಂಥವರಿಗೇ ಬರುವಂಥದ್ದು. ಕನ್ನಡ ಟೈಪಿಂಗ್ ಹಾಕಿಕೊಂಡ ಲ್ಯಾಪ್‌ಟಾಪಿನಲ್ಲಿ ಕೈತಪ್ಪಿ `Win+Space` ಒತ್ತಿದರೆ ಕೋಡಿನ ನಡುವೆ ಕನ್ನಡ ಅಕ್ಷರ ಮೂಡುತ್ತದೆ, ಅಥವಾ ಆವರಣ ಚಿಹ್ನೆಗಳು ಅದಲುಬದಲಾಗುತ್ತವೆ. ಸಂದರ್ಶನದ ದಿನಕ್ಕೆ ಇಂಗ್ಲಿಷ್ ಒಂದನ್ನೇ ಉಳಿಸಿ ಬೇರೆ ಲೇಔಟ್‌ಗಳನ್ನು ತೆಗೆದಿಡಿ. ಬ್ರೌಸರಿನಲ್ಲಿ ಹೊಸ ಪ್ರೊಫೈಲ್ ಮಾಡಿ, ಯಾವ ಎಕ್ಸ್‌ಟೆನ್ಷನ್ನೂ ಇಲ್ಲದೆ ಅದರಲ್ಲೇ ಎಡಿಟರ್ ತೆರೆಯಿರಿ. ವ್ಯಾಕರಣ ತಿದ್ದುವ ಎಕ್ಸ್‌ಟೆನ್ಷನ್‌ಗಳು ಇಂಥ ಪುಟಗಳಲ್ಲಿ ಕೈಹಾಕಿ ಕರ್ಸರನ್ನು ಅಲೆದಾಡಿಸುತ್ತವೆ. ಕಚೇರಿಯ ವಿಪಿಎನ್ ಅಥವಾ ಹಾಸ್ಟೆಲಿನ ಪ್ರಾಕ್ಸಿ ನಡುವೆ ಇದ್ದರೆ ಪುಟ ತೆರೆದೂ ವೆಬ್‌ಸಾಕೆಟ್ ತೆರೆಯದೆ ಇರಬಹುದು. ಮಣಿಪಾಲ, ಸುರತ್ಕಲ್ಲುಗಳ ಹಾಸ್ಟೆಲುಗಳಿಂದ ಕೂರುವವರು ಆ ನೆಟ್‌ವರ್ಕಿನಲ್ಲೇ ಒಮ್ಮೆ ಅಭ್ಯಾಸದ ಪುಟ ತೆರೆದು ನೋಡಿದರೆ ಇದು ಮೊದಲೇ ಗೊತ್ತಾಗುತ್ತದೆ.

## ವೀಡಿಯೊದ ಎದುರು

ದೋಷ ಹುಡುಕುವಾಗ ಸಂದರ್ಶಕರಿಗೆ ಕಾಣುವುದು ಪರದೆಯ ಯಾವುದೋ ಮೂಲೆಯನ್ನು ನೋಡುತ್ತಿರುವ ನಿಮ್ಮ ಮುಖ ಮಾತ್ರ. ಅದಕ್ಕೆ ಅರ್ಥ ನೀವೇ ಕೊಡಬೇಕು. ಏನಾಗಿದೆ, ಏನು ಮಾಡುತ್ತಿದ್ದೀರಿ, ಎಷ್ಟು ಹೊತ್ತು ಬೇಕು ಎಂಬ ಮೂರನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಸಾಕು: “ಮೇಡಂ, ನನ್ನ ಬ್ರಾಡ್‌ಬ್ಯಾಂಡ್ ಹೋಗಿದೆ. ಮೊಬೈಲ್ ಸಂಪರ್ಕಕ್ಕೆ ಬದಲಿಸುತ್ತಿದ್ದೇನೆ, ಅರ್ಧ ನಿಮಿಷ ಚಿತ್ರ ನಿಲ್ಲಬಹುದು.” ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವುದಾದರೆ ಇದೇ ಮಾತನ್ನು ಇಂಗ್ಲಿಷಿನಲ್ಲಿ ಮೊದಲೇ ಬರೆದು ಲ್ಯಾಪ್‌ಟಾಪಿನ ಪಕ್ಕ ಅಂಟಿಸಿಡಿ, ಗಾಬರಿಯಲ್ಲಿ ಪದ ಹುಡುಕುವ ಕೆಲಸ ತಪ್ಪುತ್ತದೆ. ಪದೇ ಪದೇ ಕ್ಷಮೆ ಕೇಳುತ್ತ ಮಳೆ, ಕರೆಂಟು, ಕಂಪನಿ ಎಂದು ವಿವರಿಸುವುದರಿಂದ ಸಮಯ ಹೋಗುತ್ತದೆಯೇ ಹೊರತು ಕೆಲಸ ಮುಂದೆ ಹೋಗುವುದಿಲ್ಲ. ಒಮ್ಮೆ ಹೇಳಿ, ಬಿಟ್ಟ ಸಾಲಿನಿಂದಲೇ ಲೆಕ್ಕವನ್ನು ಮುಂದುವರಿಸಿ.

ಪೂರ್ತಿ ಕಡಿದುಹೋದರೆ ಹೇಳಲು ಬಾಯಿಯೂ ಇರುವುದಿಲ್ಲ. ಅದಕ್ಕೆಂದೇ ಸಂದರ್ಶನದ ಮೊದಲ ನಿಮಿಷದಲ್ಲಿ, ಸಂಪರ್ಕ ತಪ್ಪಿದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು, ಎಷ್ಟು ನಿಮಿಷ ಕಾಯುತ್ತಾರೆ ಎಂದು ಕೇಳಿಟ್ಟುಕೊಳ್ಳುವುದು ಉತ್ತಮ. ಈ ಪ್ರಶ್ನೆಯನ್ನು ಯಾರೂ ಕೆಟ್ಟದಾಗಿ ತೆಗೆದುಕೊಳ್ಳುವುದಿಲ್ಲ. ಸಂಪರ್ಕ ಪೂರ್ತಿ ಹೋಗದೆ ಕ್ಷೀಣಿಸಿದ್ದರೆ, ಕ್ಯಾಮೆರಾ ಆರಿಸಬಹುದೇ ಎಂದು ಅನುಮತಿ ಕೇಳಿ. ಹೇಳದೆ ಆರಿಸಬಾರದು. ವೀಡಿಯೊ ಬಿಟ್ಟುಕೊಟ್ಟರೆ ಧ್ವನಿಗೂ ಎಡಿಟರಿಗೂ ಬೇಕಾದ ಜಾಗ ಧಾರಾಳವಾಗಿ ಸಿಗುತ್ತದೆ.

ಧ್ವನಿಯ ವಿಷಯದಲ್ಲಿ ತಂತಿಯ ಇಯರ್‌ಫೋನ್ ಸಾಕು, ಅದೇ ಒಳ್ಳೆಯದು. ಬ್ಲೂಟೂತ್ ಇಯರ್‌ಫೋನಿನ ಮೈಕ್ ತೆರೆದೊಡನೆ ಅದು ಕರೆಯ ಸ್ಥಿತಿಗೆ ಹೋಗಿ, ಎರಡೂ ಕಡೆಯ ಧ್ವನಿ ಡಬ್ಬದೊಳಗಿನಿಂದ ಬಂದಂತಾಗುವುದುಂಟು. ತಗಡಿನ ಶೀಟಿನ ಮೇಲೆ ಬೀಳುವ ಮಳೆಯ ಸದ್ದನ್ನು ವೀಡಿಯೊ ಆ್ಯಪ್‌ನ ಶಬ್ದ ನಿಗ್ರಹ ಸಾಕಷ್ಟು ತಗ್ಗಿಸುತ್ತದೆ, ಆದರೆ ಜೊತೆಗೆ ನಿಮ್ಮ ಮಾತಿನ ಕೊನೆಯ ಅಕ್ಷರಗಳನ್ನೂ ನುಂಗುತ್ತದೆ. ಅಂಥ ದಿನ ವಾಕ್ಯಗಳನ್ನು ಚಿಕ್ಕದಾಗಿಸಿ, ಬಿಡಿಸಿ ಮಾತನಾಡಬೇಕು. ಬೆಳಗ್ಗಿನ ಸಂದರ್ಶನವಾದರೆ ಮೀನಿನವರ ಹಾರ್ನ್ ಗೇಟಿನ ಬಳಿ ಎಷ್ಟು ಹೊತ್ತಿಗೆ ಕೇಳುತ್ತದೆಂದು ಮನೆಯವರಿಗೆಲ್ಲ ಗೊತ್ತಿರುತ್ತದೆ, ಆ ಬದಿಯ ಕಿಟಕಿ ಮುಚ್ಚಿರಲಿ. ನೀವು ಯೋಚಿಸುವಾಗ ಸುಮ್ಮನಿರಬಹುದು, ಆದರೆ “ಒಂದು ನಿಮಿಷ ಯೋಚಿಸಿ ಹೇಳುತ್ತೇನೆ” ಎಂದು ಹೇಳಿಯೇ ಸುಮ್ಮನಿರಿ. ಹೇಳದೆ ಮೌನವಾದರೆ ಆ ಕಡೆಯವರು ಮೊದಲು ಊಹಿಸುವುದು ನೆಟ್ ಹೋಯಿತೆಂದು, ಮತ್ತು ಅವರು “ಕೇಳಿಸುತ್ತಿದೆಯೇ” ಎನ್ನುವಷ್ಟರಲ್ಲಿ ನಿಮ್ಮ ಯೋಚನೆಯ ಎಳೆ ತಪ್ಪಿರುತ್ತದೆ.

ಕರೆ ಮುಗಿಯುವ ಮುನ್ನ, ಸಂಪರ್ಕ ಒಮ್ಮೆಯಾದರೂ ಕಡಿದಿದ್ದರೆ, ಎಡಿಟರಿನಲ್ಲಿ ತಮಗೆ ಕಾಣುತ್ತಿರುವ ಕೊನೆಯ ಸಾಲು ಯಾವುದೆಂದು ಸಂದರ್ಶಕರನ್ನು ಕೇಳಿ ನಿಮ್ಮದರೊಂದಿಗೆ ಹೋಲಿಸಿ ನೋಡಿ. ಅವರು ಆಮೇಲೆ ತೆರೆದು ಓದುವುದು ಸರ್ವರಿನಲ್ಲಿರುವ ಪ್ರತಿಯನ್ನೇ. ಅದರಲ್ಲಿ ಸಾಲು ತಪ್ಪಿದ್ದರೆ ಸೇರಿಸಲು ಅನುಮತಿ ಕೇಳುವುದಕ್ಕೆ ಕರೆ ತೆರೆದಿರುವಾಗ ಮಾತ್ರ ಅವಕಾಶವಿರುತ್ತದೆ.